ನಿಮ್ಮ ಒಂದು ದಿನಕ್ಕೆ ಎಷ್ಟು ರೇಟು?

ಬೆಂಗಳೂರಿನಲ್ಲಿ ಒಂದೇ ದಾರಿಗೆ ಎರಡು ರೇಟು ಇರುವುದು ಹೊಸದೇನಲ್ಲ. ಬಿಸಿಲಲ್ಲಿ ಆಟೋಗೆ ಒಂದು ರೇಟು, ಮಳೆ ಬಂದರೆ ಇನ್ನೊಂದು. ಆದರೆ ಮಳೆಯೂ ಇಲ್ಲದೆ, ಒಂದೇ ಹಾಳೆಯ ಮೇಲೆ, ಒಬ್ಬನೇ ಮನುಷ್ಯನ ಒಂದು ದಿನಕ್ಕೆ ಎರಡು ರೇಟು ಬರೆದು ಕೆಳಗೆ ಸಹಿ ಕೇಳುವ ಧೈರ್ಯ ಆಟೋದವರಿಗೂ ಇಲ್ಲ. ಅದು ಎಚ್‌ಆರ್ ವಿಭಾಗದವರಿಗೆ ಮಾತ್ರ ಇದೆ. ಆ ಹಾಳೆಗೆ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಅಂತ ಹೆಸರು. ಕೆಲಸ ಬಿಟ್ಟವರು ಎಫ್ ಅಂಡ್ ಎಫ್ ಅಂತಾರೆ, ನಿಟ್ಟುಸಿರಿನ ಜೊತೆ.

ನನ್ನ ಬಾಮೈದ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಆರು ವರ್ಷ ಇದ್ದು, ಏಪ್ರಿಲ್ ಕೊನೆಗೆ ಬಿಟ್ಟ. ತಿಂಗಳ ಸಂಬಳ 90,000 ರೂಪಾಯಿ. ಅದರಲ್ಲಿ ಬೇಸಿಕ್ 36,000. ಉಳಿದದ್ದೆಲ್ಲ ಮನೆ ಬಾಡಿಗೆ ಭತ್ಯೆ, ಸ್ಪೆಷಲ್ ಅಲೋಯನ್ಸ್ ಹೀಗೆ. ಈ ಸ್ಪೆಷಲ್ ಅಲೋಯನ್ಸ್‌ನಲ್ಲಿ ಏನು ಸ್ಪೆಷಲ್ ಅಂತ ಆರು ವರ್ಷದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಎಫ್ ಅಂಡ್ ಎಫ್ ಬಂದಾಗ ಗೊತ್ತಾಯಿತು. ಕೊಡುವ ಲೆಕ್ಕ ಬಂದಾಗ ಅದು ಮಾಯ ಆಗುತ್ತೆ, ಹಿಡಿಯುವ ಲೆಕ್ಕ ಬಂದಾಗ ಮತ್ತೆ ಹಾಜರಾಗುತ್ತೆ.

ಲೆಕ್ಕ ನೋಡಿ. ಅವನ ಖಾತೆಯಲ್ಲಿ 36 ದಿನದ ರಜೆ ಉಳಿದಿತ್ತು. ಕಂಪನಿ ಅದನ್ನು ಬೇಸಿಕ್ ಮೇಲೆ ಕೊಂಡಿತು. 36,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ 1,200. ಒಟ್ಟು 43,200 ರೂಪಾಯಿ. ಸರಿ. ಇನ್ನೊಂದು ಕಡೆ, ಅವನ ನೋಟಿಸ್ ಅವಧಿ 90 ದಿನ. ಹೊಸ ಕಂಪನಿಯವರು ಬೇಗ ಬಾ ಅಂದಿದ್ದರಿಂದ 75 ದಿನ ಮಾಡಿ ಹೊರಟ. ಕಮ್ಮಿ ಬಿದ್ದದ್ದು 15 ದಿನ. ಅದನ್ನು ಕಂಪನಿ ಪೂರ್ತಿ ಸಂಬಳದ ಮೇಲೆ, ಅಂದರೆ ಗ್ರಾಸ್ ಮೇಲೆ, ಹಿಡಿಯಿತು. 90,000ವನ್ನು 30ರಿಂದ ಭಾಗಿಸಿ ದಿನಕ್ಕೆ 3,000. ಒಟ್ಟು 45,000.

ಅಂದರೆ ಈ ಎರಡು ಸಾಲನ್ನಷ್ಟೇ ನೋಡಿದರೆ, 36 ದಿನ ಕೊಟ್ಟು 15 ದಿನ ತಗೊಂಡವನು ಕಂಪನಿಗೇ 1,800 ರೂಪಾಯಿ ಬಾಕಿ.

ಅವನು ಎಚ್‌ಆರ್‌ಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿದ್ದ.

"ಮೇಡಂ, ನನ್ನ ಹತ್ರ 36 ದಿನ ರಜೆ ಇದೆ. ಅದರಲ್ಲಿ 15 ನೋಟಿಸ್‌ಗೆ ವಜಾ ಮಾಡ್ಕೊಳ್ಳಿ. ದಿನಕ್ಕೆ ದಿನ."

"ಸರ್, ಪಾಲಿಸಿ ಪ್ರಕಾರ ಲೀವ್ ಅಡ್ಜಸ್ಟ್‌ಮೆಂಟ್ ಇಲ್ಲ ಸರ್."

"ಎರಡೂ ನನ್ನ ದಿನಗಳೇ ತಾನೇ?"

"ಹೌದು ಸರ್. ಆದ್ರೆ ಒಂದು ಲೀವ್ ದಿನ, ಒಂದು ನೋಟಿಸ್ ದಿನ ಸರ್."

ಎರಡೂ ದಿನ ಬೆಳಿಗ್ಗೆಯೇ ಶುರುವಾಗಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲೇ ಮುಗಿಯುತ್ತವೆ ಅನ್ನುವುದು ಪಾಲಿಸಿಗೆ ಗೊತ್ತಿಲ್ಲ.

ಭಾಗಿಸುವ ಅಂಕಿಯಲ್ಲೂ ಒಂದು ತಮಾಷೆ ಇದೆ. ಅದೇ ಹಾಳೆಯಲ್ಲಿ ಗ್ರಾಚ್ಯುಟಿ ಸಾಲು ಇತ್ತು. ಅಲ್ಲಿ ತಿಂಗಳಿಗೆ 26 ದಿನ. ಯಾಕೆಂದರೆ ಭಾನುವಾರ ಬಿಟ್ಟು 26 ಅಂತ ಕಾನೂನೇ ಹೇಳುತ್ತೆ, ಕಂಪನಿಯ ಕೈಯಲ್ಲಿಲ್ಲ. ರಜೆ ನಗದೀಕರಣದ ಸಾಲು ಕಂಪನಿಯ ಕೈಯಲ್ಲಿದೆ, ಅಲ್ಲಿ ತಿಂಗಳಿಗೆ 30 ದಿನ. 26ರಿಂದ ಭಾಗಿಸಿದ್ದರೆ ಅವನ 36 ದಿನಕ್ಕೆ ಸುಮಾರು 49,846 ಬರುತ್ತಿತ್ತು. ಭಾನುವಾರ ರಜೆ ಹಾಕುವ ಅಗತ್ಯವೇ ಇಲ್ಲ, ಅಂದ ಮೇಲೆ ರಜೆಯ ಬೆಲೆ ಕಟ್ಟುವಾಗ ಭಾನುವಾರವನ್ನು ಯಾಕೆ ಸೇರಿಸಬೇಕು? ಇದನ್ನು ಕೇಳಿದರೆ ಮತ್ತೆ 'ಪಾಲಿಸಿ ಸರ್'. ಸಂಬಳ ಕಡಿತದ ವಿಷಯಕ್ಕೆ ಬಂದರೆ ಕೆಲವು ಕಡೆ ಆ ತಿಂಗಳಲ್ಲಿ ಎಷ್ಟು ದಿನವೋ ಅಷ್ಟರಿಂದ ಭಾಗಿಸುತ್ತಾರೆ. ಹಾಗಾಗಿ ಫೆಬ್ರವರಿಯಲ್ಲಿ ಗೈರಾದರೆ ಜಾಸ್ತಿ ನಷ್ಟ. ಜ್ವರ ಬರುವುದಿದ್ದರೆ ಮಾರ್ಚ್‌ವರೆಗೆ ತಡೆದುಕೊಳ್ಳುವುದು ಒಳ್ಳೆಯದು.

ಹಳೆಯ ಕಾಲದವರು ಇಷ್ಟು ಚುರುಕಾಗಿರಲಿಲ್ಲ ಅನ್ನಿಸುತ್ತೆ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ರಜೆಯ ದಿನದ ಕೂಲಿಗೆ ಪೂರ್ತಿ ಗಳಿಕೆಯ ಸರಾಸರಿಯನ್ನೇ ಹಿಡಿಯಬೇಕಿತ್ತು. ಓವರ್‌ಟೈಮ್, ಬೋನಸ್ ಬಿಟ್ಟು. ಡಿಎ ಸೇರಿಸಿ. ಪೀಣ್ಯದಲ್ಲಿ ಲೇತ್ ತಿರುಗಿಸುವವನ ರಜೆ ಅವನ ಗಳಿಕೆಯ ಬೆಲೆಗೆ. ಬೆಳ್ಳಂದೂರಿನಲ್ಲಿ ಲ್ಯಾಪ್‌ಟಾಪ್ ಕುಟ್ಟುವವನ ರಜೆ ಬೇಸಿಕ್ ಬೆಲೆಗೆ.

ಈಗ 36 ಎಲ್ಲಿಂದ ಬಂತು ಅನ್ನುವ ಕಥೆ ಕೇಳಿ. ಅದು ಇದಕ್ಕಿಂತ ಚೆನ್ನಾಗಿದೆ.

ಡಿಸೆಂಬರ್ 31ಕ್ಕೆ ಅವನ ಖಾತೆಯಲ್ಲಿ 41 ದಿನ ಇತ್ತು. ಕಂಪನಿಯ ಮಿತಿ 30. ಜನವರಿ 1ರ ಬೆಳಿಗ್ಗೆ ಪೋರ್ಟಲ್ ತೆಗೆದರೆ 30. ಹನ್ನೊಂದು ದಿನ ರಾತ್ರೋರಾತ್ರಿ 'ಲ್ಯಾಪ್ಸ್'. ಆಮೇಲೆ ತಿಂಗಳಿಗೆ ಒಂದೂವರೆ ದಿನದಂತೆ ನಾಲ್ಕು ತಿಂಗಳಿಗೆ ಆರು ಸೇರಿ 36 ಆಯಿತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮೊದಲು 30 ದಿನ ಮುಂದಕ್ಕೆ ಒಯ್ಯಲು ಬಿಡುತ್ತಿತ್ತು. ಆಮೇಲೆ ತಿದ್ದುಪಡಿ ಬಂದು ಅದು 45 ಆಯಿತು. ತಿದ್ದುಪಡಿಯಾಗಿ ವರ್ಷಗಳೇ ಆದರೂ ಆ ಸುದ್ದಿ ಆ ಪೋರ್ಟಲ್‌ವರೆಗೆ ಬಂದಿಲ್ಲ. ಪಾಪ, ದಾರಿಯಲ್ಲಿ ಸಿಕ್ಕಿಹಾಕಿಕೊಂಡಿರಬೇಕು. ಕೇಳಿದ್ದಕ್ಕೆ ಬಂದ ಉತ್ತರ: "ಸರ್, ಆ 45 ಅರ್ನ್ಡ್ ಲೀವ್‌ಗೆ. ನಮ್ಮದು ಪ್ರಿವಿಲೇಜ್ ಲೀವ್." ಹೆಸರು ಬದಲಾಯಿಸಿದರೆ ಕಾಯ್ದೆ ಗುರುತು ಹಿಡಿಯುವುದಿಲ್ಲ ಅಂತ ನಂಬಿಕೆ.

ಹಾಗಾದರೆ ಡಿಸೆಂಬರ್‌ನಲ್ಲಿ ಅವನು ರಜೆ ಹಾಕಬಹುದಿತ್ತಲ್ಲ? ಹಾಕಿದ್ದ. ನವೆಂಬರ್‌ನಲ್ಲೇ 'ದಯವಿಟ್ಟು ರಜೆ ಬಳಸಿ, ಕುಟುಂಬದ ಜೊತೆ ಕಾಲ ಕಳೆಯಿರಿ' ಅಂತ ತೆಂಗಿನಮರ, ಸಮುದ್ರದ ಚಿತ್ರ ಹಾಕಿ ಮೇಲ್ ಬಂದಿತ್ತು. ಅದನ್ನು ನಂಬಿ ಹನ್ನೆರಡು ದಿನಕ್ಕೆ ಅರ್ಜಿ ಹಾಕಿದ. ಮ್ಯಾನೇಜರ್ ಅದನ್ನು ತಿರಸ್ಕರಿಸಲಿಲ್ಲ. ಫೋನ್ ಮಾಡಿದರು. "ರಿಲೀಸ್ ಇದೆಯಪ್ಪ, ನೀನೇ ವಿತ್‌ಡ್ರಾ ಮಾಡ್ಬಿಡು, ಸುಮ್ನೆ ಸಿಸ್ಟಂನಲ್ಲಿ ರಿಜೆಕ್ಟ್ ಅಂತ ಬರೋದು ಬೇಡ."

ಈ ಮಾತಿನ ಹಿಂದೆ ಎಂಥ ಪ್ರೀತಿ ಇದೆ ಗೊತ್ತಾ? ಹಳೆ ಫ್ಯಾಕ್ಟರಿ ಕಾಯ್ದೆಯಲ್ಲಿ ಒಂದು ಮಾತಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದೇ ಇದೆ. ಕಾರ್ಮಿಕ ನಿಯಮದಂತೆ ರಜೆ ಕೇಳಿ, ಮಾಲೀಕ ಕೊಡದಿದ್ದರೆ, ಆ ರಜೆಯನ್ನು ಮಿತಿಯೇ ಇಲ್ಲದೆ ಮುಂದಕ್ಕೆ ಒಯ್ಯಬಹುದು. ಐಟಿಯವನು ಆ ಅರ್ಥದಲ್ಲಿ ಕಾರ್ಮಿಕನೋ ಅಲ್ಲವೋ ಅನ್ನುವುದು ಬೇರೆ ಜಗಳ. ಆದರೆ ಜಗಳ ಮಾಡಬೇಕಾದರೂ ದಾಖಲೆ ಬೇಕಲ್ಲ. ದಾಖಲೆಯಲ್ಲಿ ಇರುವುದು ಒಂದೇ ಪದ, ವಿತ್‌ಡ್ರಾನ್. ಅವನೇ ಕೇಳಿದ, ಅವನೇ ಬೇಡ ಅಂದ. ನೀವು ಈ ಡಿಸೆಂಬರ್‌ನಲ್ಲಿ ಅರ್ಜಿ ಹಾಕಿ, ಫೋನ್ ಬಂದರೆ "ಪರವಾಗಿಲ್ಲ ಸರ್, ನೀವೇ ರಿಜೆಕ್ಟ್ ಮಾಡಿ" ಅಂತ ಹೇಳಿ ನೋಡಿ. ಎಷ್ಟು ಹೊತ್ತು ಆ ಕಡೆಯಿಂದ ಸದ್ದೇ ಇರುವುದಿಲ್ಲ ಅನ್ನುವುದರ ಮೇಲೆ ನಿಮ್ಮ ಹನ್ನೊಂದು ದಿನದ ಬೆಲೆ ತಿಳಿಯುತ್ತೆ.

ಬೆಲೆ ಯಾರಿಗಪ್ಪಾ ಅಂದರೆ, ಕಂಪನಿಗೆ. ನೀವು ಬಳಸದ ರಜೆ ಕಂಪನಿಯ ಲೆಕ್ಕದಲ್ಲಿ ಸಾಲ. ಆಕ್ಚುರಿಯನ್ನು ಕೂರಿಸಿ, ಎಷ್ಟು ಜನ ಬಿಟ್ಟು ಹೋಗಬಹುದು, ಸಂಬಳ ಎಷ್ಟು ಏರಬಹುದು ಅಂತ ಲೆಕ್ಕ ಹಾಕಿಸಿ, ಅಷ್ಟನ್ನು ಖರ್ಚು ಅಂತ ತೋರಿಸಿರುತ್ತಾರೆ. ರಜೆ ಲ್ಯಾಪ್ಸ್ ಆದರೆ ಸಾಲ ಇಳಿಯುತ್ತೆ, ಇಳಿದದ್ದು ಲಾಭದ ಕಡೆಗೆ ಹೋಗುತ್ತೆ. ನಮ್ಮ ಬಾಮೈದ ಡಿಸೆಂಬರ್‌ನಲ್ಲಿ ರಜೆ ಹಾಕದೆ ಕೆಲಸ ಮಾಡಿ ಒಂದು ಲಾಭ ತಂದ, ಹಾಕದ ರಜೆ ಕಳೆದುಕೊಂಡು ಇನ್ನೊಂದು ಲಾಭ ತಂದ. ವರ್ಷದ ಕೊನೆಗೆ 'ಸ್ಟಾರ್ ಪರ್ಫಾರ್ಮರ್' ಅಂತ ಕಾಫಿ ಮಗ್ ಕೊಟ್ಟಿದ್ದು ಸುಮ್ಮನೆ ಅಲ್ಲ.

ನನ್ನ ಮಾವನವರಿಗೆ ಇದೆಲ್ಲ ಅರ್ಥವೇ ಆಗುವುದಿಲ್ಲ. ಅವರು ರಾಜ್ಯ ಸರ್ಕಾರದ ನೌಕರಿಯಿಂದ ನಿವೃತ್ತರು. ಅವರ ಗಳಿಕೆ ರಜೆ ಜನವರಿಗೆ 15, ಜುಲೈಗೆ 15 ದಿನ, ಹಾಲಿನವನಷ್ಟೇ ನಿಯತ್ತಾಗಿ ಖಾತೆಗೆ ಬೀಳುತ್ತಿತ್ತು. ವರ್ಷಕ್ಕೊಮ್ಮೆ 15 ದಿನ ಸರ್ಕಾರಕ್ಕೇ ಮಾರಿ ದುಡ್ಡು ತಗೊಳ್ಳುವ ಅವಕಾಶ. ನಿವೃತ್ತಿಯ ದಿನ 300 ದಿನದವರೆಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಕೊಟ್ಟರು. ಹತ್ತು ತಿಂಗಳ ಸಂಬಳ. ಅವರ ಕಾಲದಲ್ಲಿ ರಜೆ ಅನ್ನುವುದು ಹಾಕುವ ವಸ್ತು ಆಗಿರಲಿಲ್ಲ, ಕೂಡಿಡುವ ವಸ್ತು. ಅತ್ತೆಯವರು ಧರ್ಮಸ್ಥಳಕ್ಕೆ ಹೋಗೋಣ ಅಂದಾಗಲೆಲ್ಲ "ಇಎಲ್ ಮುಟ್ಟಬಾರದು ಕಣೇ" ಅಂತ ಭಾನುವಾರವೇ ಹೋಗಿ ಭಾನುವಾರವೇ ಬಂದಿದ್ದಾರಂತೆ.

ತೆರಿಗೆಯಲ್ಲೂ ಅವರ ಪಂಕ್ತಿಯೇ ಬೇರೆ. ನಿವೃತ್ತಿಯಾಗುವ ಸರ್ಕಾರಿ ನೌಕರನ ರಜೆ ಹಣಕ್ಕೆ ಪೂರ್ತಿ ವಿನಾಯಿತಿ. ಖಾಸಗಿಯವರಿಗೆ ಮಿತಿ. 2002ರಲ್ಲಿ ಸರ್ಕಾರದ ಅತಿ ದೊಡ್ಡ ಮೂಲ ವೇತನ ತಿಂಗಳಿಗೆ 30,000 ಇತ್ತು. ಹತ್ತು ತಿಂಗಳಿಗೆ ಮೂರು ಲಕ್ಷ ಅಂತ ಮಿತಿ ಹಾಕಿದರು. ಸರ್ಕಾರಿ ವೇತನ ಏರಿತು, ಮಿತಿ ಅಲ್ಲೇ ಕೂತಿತ್ತು. 2023ರಲ್ಲಿ ನೆನಪಾಗಿ 25 ಲಕ್ಷ ಮಾಡಿದರು. ಇದು ಕೆಲಸ ಬಿಡುವಾಗ ಬರುವ ಹಣಕ್ಕೆ, ರಾಜೀನಾಮೆಗೂ ಸೇರಿ. ಕೆಲಸದಲ್ಲಿದ್ದುಕೊಂಡೇ ವರ್ಷದ ಕೊನೆಗೆ ರಜೆ ಮಾರಿದರೆ ಪೂರ್ತಿ ತೆರಿಗೆ. ಅದೇ ರಜೆ, ಡಿಸೆಂಬರ್‌ನಲ್ಲಿ ಮಾರಿದರೆ ಸಂಬಳ, ರಾಜೀನಾಮೆ ಕೊಟ್ಟು ಮಾರಿದರೆ ವಿನಾಯಿತಿ. ಬಾಮೈದನ 43,200ಕ್ಕೆ ಒಂದು ಪೈಸೆ ತೆರಿಗೆ ಬೀಳಲಿಲ್ಲ. ಅಷ್ಟನ್ನೂ ನೋಟಿಸ್ ತಿಂದುಹಾಕಿತು ಅನ್ನುವುದು ತೆರಿಗೆ ಇಲಾಖೆಯ ತಪ್ಪಲ್ಲ.

2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಜಾರಿಗೆ ಬಂದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದನ್ನು ವೇತನಕ್ಕೇ ಸೇರಿಸಬೇಕು. ಆ ಲೆಕ್ಕದಲ್ಲಿ ಅವನ ವೇತನ 36,000 ಅಲ್ಲ, 45,000. ರಾಜೀನಾಮೆ ಕೊಟ್ಟವನ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತಲೂ ಇದೆ. ಇದನ್ನು ಮೇಲ್‌ನಲ್ಲಿ ಬರೆದು ಕಳಿಸಿದ. 'ನಿಮ್ಮ ಪ್ರಶ್ನೆ ಸಂಬಂಧಪಟ್ಟ ತಂಡಕ್ಕೆ ಹೋಗಿದೆ, 45 ದಿನದೊಳಗೆ ಉತ್ತರಿಸುತ್ತೇವೆ' ಅಂತ ಉತ್ತರ ಬಂತು. ಕೊನೆಗೂ 45 ಅನ್ನುವ ಸಂಖ್ಯೆಯನ್ನು ಅವರು ಒಪ್ಪಿಕೊಂಡರು.

ಹೊಸ ಕಂಪನಿಯಲ್ಲಿ ಈ ತೊಂದರೆ ಇಲ್ಲವಂತೆ. ಅಲ್ಲಿ ಅನ್‌ಲಿಮಿಟೆಡ್ ಲೀವ್. ಬಾಮೈದ ಎದೆಯುಬ್ಬಿಸಿ ಹೇಳಿದ.

ಮಾವ ಪೇಪರ್ ಮಡಿಸಿಟ್ಟು ಕೇಳಿದರು, "ಎಷ್ಟು ಜಮಾ ಆಗುತ್ತೋ?"

"ಜಮಾ ಇಲ್ಲ ಅಪ್ಪ. ಎಷ್ಟು ಬೇಕಾದ್ರೂ ತಗೋಬಹುದು, ಮ್ಯಾನೇಜರ್ ಹೂಂ ಅಂದ್ರೆ."

"ಬಿಡುವಾಗ ಎಷ್ಟು ಕೊಡ್ತಾರೆ?"

"ಜಮಾನೇ ಇಲ್ವಲ್ಲ ಅಪ್ಪ, ಏನ್ ಕೊಡ್ತಾರೆ?"

"ನೋಟಿಸು?"

"90 ದಿನ. ಗ್ರಾಸ್ ಮೇಲೆ."