ವಚನವನ್ನು ಭಾಷಣದ ದನಿಯಿಂದ ಬಿಡಿಸಿಕೊಳ್ಳಿ

ವೇದಿಕೆ ಮೇಲೆ ವಚನ ಹೇಳುವವರನ್ನು ಗಮನಿಸಿದ್ದೀರಾ? ಎದೆ ಉಬ್ಬಿಸಿ, ಕೈ ಎತ್ತಿ, ಕೊನೆಯ ಸಾಲನ್ನು ಘೋಷಣೆ ಹಾಗೆ ಕೂಗುತ್ತಾರೆ. ಸಭೆಗೆ ಅದು ಸರಿಯೇನೋ. ಆದರೆ ಎಷ್ಟೋ ವಚನಗಳಲ್ಲಿ ಕೇಳುಗರು ಅಂತ ಇರುವುದು ಒಬ್ಬರೇ, ದೇವರು. ಎದುರಿಗೇ ಇರುವವನ ಹತ್ತಿರ ಯಾರಾದರೂ ಕೂಗಿ ಮಾತಾಡ್ತಾರಾ?

ಎಲ್ಲ ವಚನವೂ ಪ್ರಾರ್ಥನೆ ಅಲ್ಲ, ಇದು ಮೊದಲೇ ಗೊತ್ತಿರಲಿ. 'ಕಳಬೇಡ ಕೊಲಬೇಡ' ನಮಗೆ ಹೇಳಿದ ಬುದ್ಧಿಮಾತು. ಅಲ್ಲಮನ ಬೆಡಗಿನ ವಚನಗಳು ಒಗಟಿನಂತೆ ಬಿಡಿಸಬೇಕಾದವು. ಪ್ರಾರ್ಥನೆಗೆ ಬೇಕಾದದ್ದು ತನಗಾಗಿ ಏನನ್ನೋ ಬೇಡುವ ವಚನ. ನಾನು ದಿನಾ ಹೇಳಿಕೊಳ್ಳುವುದು ಬಸವಣ್ಣನವರ ಇದನ್ನು:

ಅತ್ತಲಿತ್ತ ಹೋಗದಂತೆ ಹೆಳವನ ಮಾಡಯ್ಯ ತಂದೆ
ಸುತ್ತಿ ಸುಳಿದು ನೋಡದಂತೆ ಅಂಧಕನ ಮಾಡಯ್ಯ ತಂದೆ
ಮತ್ತೊಂದ ಕೇಳದಂತೆ ಕಿವುಡನ ಮಾಡಯ್ಯ ತಂದೆ
ನಿಮ್ಮ ಶರಣರ ಪಾದವಲ್ಲದೆ ಅನ್ಯವಿಷಯಕ್ಕೆಳಸದಂತೆ ಇರಿಸು ಕೂಡಲಸಂಗಮದೇವಾ

ವಚನಕ್ಕೆ ತಾಳವಿಲ್ಲ. ದಾಸರ ಕೀರ್ತನೆಯಲ್ಲಿ ಪಲ್ಲವಿ, ಚರಣ, ತಾಳ ಎಲ್ಲ ಇದ್ದು ನಮ್ಮನ್ನು ಎಳೆದುಕೊಂಡು ಹೋಗುತ್ತವೆ. ಇಲ್ಲಿ ಹಾಗಲ್ಲ, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಸಾಲನ್ನು ನೋಡಿ ನಾವೇ ತಿಳಿದುಕೊಳ್ಳಬೇಕು. ಮೊದಲ ಸಾಲನ್ನೇ ತೆಗೆದುಕೊಳ್ಳಿ. 'ಅತ್ತಲಿತ್ತ ಹೋಗದಂತೆ' ಆದ ಮೇಲೆ ಸಣ್ಣ ತಡೆ. 'ಹೆಳವನ ಮಾಡಯ್ಯ' ಒಟ್ಟಿಗೆ. 'ತಂದೆ'ಗೆ ಮುಂಚೆ ಇನ್ನೊಂದು ತಡೆ, ಆಮೇಲೆ ಆ ಪದವನ್ನು ದನಿ ತಗ್ಗಿಸಿ ಹೇಳುವುದು. ಹೆಚ್ಚಿನವರು ತಪ್ಪುವುದು ಇಲ್ಲೇ. 'ತಂದೇ...' ಅಂತ ಎಳೆದು ದನಿ ಏರಿಸಿಬಿಡುತ್ತಾರೆ. ಎಳೆದರೆ ಅದು ಹಾಡಾಗುತ್ತದೆ, ಏರಿಸಿದರೆ ನಾಟಕದ ಮಾತಾಗುತ್ತದೆ. ಮನೆಯಲ್ಲಿ ಅಪ್ಪನನ್ನು ಕರೆಯುವ ದನಿ ಸಾಕು.

ಎರಡು, ಮೂರನೇ ಸಾಲೂ ಇದೇ ಅಳತೆ. ಅತ್ತ, ಸುತ್ತಿ, ಮತ್ತೊಂದ ಅಂತ ಮೂರು ಸಾಲಿನ ಆರಂಭದಲ್ಲೂ ಪ್ರಾಸ ಇದೆ, ಹಾಗಾಗಿ ನಾಲಿಗೆ ತಾನಾಗೇ ಓಡತೊಡಗುತ್ತದೆ. ಬಾಯಿಪಾಠ ಆದ ಮೇಲಂತೂ ಇನ್ನೂ ಜಾಸ್ತಿ. ಬಾಯಿ ಹೇಳುತ್ತಿರುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ಮೂರನೇ ಸಾಲಿಗೆ ಬಂದದ್ದೇ ಗೊತ್ತಾಗಲಿಲ್ಲ ಅಂದರೆ ಓಡಿದ್ದೀರಿ ಅಂತಲೇ ಲೆಕ್ಕ. ಆಗ ನಿಲ್ಲಿಸಿ ಮೊದಲಿನಿಂದ ಹೇಳಿ. ನಾನು ಪ್ರತಿ ಸಾಲಿಗೂ ಒಂದು ಉಸಿರು ಅಂತ ಇಟ್ಟುಕೊಂಡಿದ್ದೇನೆ. 'ತಂದೆ' ಮುಗಿದಾಗ ಉಸಿರೂ ಮುಗಿಯಬೇಕು. ಹೊಸ ಉಸಿರು ತೆಗೆದುಕೊಳ್ಳುವಾಗ ಇವತ್ತು ನನ್ನ ಕಾಲು ಎಲ್ಲೆಲ್ಲಿ ಹೋಯಿತು, ಕಣ್ಣು ಏನೇನು ನೋಡಿತು ಅನ್ನುವುದು ಒಂದು ಕ್ಷಣ ನೆನಪಿಗೆ ಬರುತ್ತದೆ. ಅಷ್ಟು ಸಾಕು, ಪಟ್ಟಿ ಮಾಡುತ್ತಾ ಕೂರಬೇಕಿಲ್ಲ.

ನಾಲ್ಕನೇ ಸಾಲಿನಲ್ಲಿ ಎಲ್ಲವೂ ಬದಲಾಗುತ್ತದೆ. ಪ್ರಾಸ ಹೋಯಿತು. 'ಮಾಡಯ್ಯ' ಇಲ್ಲ, 'ತಂದೆ' ಇಲ್ಲ. ಸಾಲೂ ಉದ್ದ. ಅಷ್ಟು ಹೊತ್ತು ಇದು ಬೇಡ, ಅದು ಬೇಡ ಅಂದವನು ಈಗ ಏನು ಬೇಕು ಅಂತ ಬಾಯಿಬಿಡುತ್ತಾನೆ. ಅವನು ಕೇಳುವುದು ದೇವರ ಪಾದವನ್ನೂ ಅಲ್ಲ, ಶರಣರ ಪಾದವನ್ನು! ಇದನ್ನು ಹಿಂದಿನ ಮೂರು ಸಾಲಿನ ಓಟದಲ್ಲೇ ಹೇಳಿದರೆ ಕೇಳಿದ ವಿಷಯವೇ ಜಾರಿಹೋಗುತ್ತದೆ. 'ನಿಮ್ಮ ಶರಣರ ಪಾದವಲ್ಲದೆ' ಅಂತ ನಿಲ್ಲಿ. 'ಅನ್ಯವಿಷಯಕ್ಕೆಳಸದಂತೆ' ಒಂದೇ ಪದದಂತೆ ಬರಲಿ. 'ಇರಿಸು' ಅನ್ನುವುದು ಸಣ್ಣ ಮಾತು, ಬೇಡಿಕೆಯ ಭಾರವೆಲ್ಲ ಅದರ ಮೇಲಿದೆ. ಅಲ್ಲಿ ಅವಸರ ಬೇಡ.

ಕೊನೆಯ ಅಂಕಿತದ ಬಗ್ಗೆ ಕೆಲವರಿಗೆ ಅನುಮಾನ. ನಮ್ಮ ಮನೆದೇವರು ಬೇರೆ, ಕೂಡಲಸಂಗಮದೇವನ ಬದಲು ಆ ಹೆಸರು ಹಾಕಿಕೊಳ್ಳಬಹುದಾ ಅಂತ. ನನ್ನ ಪ್ರಕಾರ ಬೇಡ. ಕೃಷ್ಣಾ ಮಲಪ್ರಭಾ ಕೂಡುವ ಜಾಗದ ದೇವರನ್ನು ಬಸವಣ್ಣ ಹೀಗೆ ಕರೆದರು. ಅಂಕಿತ ಅವರ ಸಹಿ ಇದ್ದ ಹಾಗೆ, ತಿದ್ದಲು ನಾವ್ಯಾರು? ಬೇಡುವವನ ಜಾಗದಲ್ಲಿ ನಿಂತರೆ ಸಾಕು. ಅಂಕಿತವನ್ನು ನುಂಗುವುದೂ ಬೇಡ. ವಚನ ಪೂರ್ತಿ ಯಾರ ಜೊತೆ ಮಾತಾಡಿದ್ದು ಅಂತ ಗೊತ್ತಾಗುವುದೇ ಅಲ್ಲಿ.

ಹೆಳವ, ಅಂಧಕ, ಕಿವುಡ ಅನ್ನುವ ಪದಗಳು ಇವತ್ತಿನ ಕಿವಿಗೆ ಚುಚ್ಚುತ್ತವೆ, ನಿಜ. ಮನೆಯಲ್ಲಿ ಅಂಥ ಕಷ್ಟ ಕಂಡವರಿಗೆ ಇನ್ನೂ ಜಾಸ್ತಿ. ಬಸವಣ್ಣ ಅಲ್ಲಿ ಬೇಡುವುದು ಆಸೆಗೆ ಕಡಿವಾಣ ಅಂತ ನನಗನಿಸಿದರೂ, ಹೇಳುವಾಗ ಕಸಿವಿಸಿ ಆದರೆ ಬಲವಂತ ಬೇಡ. 'ಎನ್ನ ಕಾಯವ ದಂಡಿಗೆಯ ಮಾಡಯ್ಯಾ' ತೆಗೆದುಕೊಳ್ಳಿ. ಅಲ್ಲೂ ಮೈಯ ಒಂದೊಂದು ಭಾಗವನ್ನೇ ಒಪ್ಪಿಸುತ್ತಾ ಹೋಗುತ್ತಾರೆ: ಶಿರ ಸೋರೆಯಾಗುತ್ತದೆ, ನರ ತಂತಿ, ಬೆರಳು ಕಡ್ಡಿ. ಆಮೇಲೆ 'ಮಾಡಯ್ಯಾ' ನಿಂತು 'ಬತ್ತೀಸ ರಾಗವ ಹಾಡಯ್ಯಾ' ಬರುತ್ತದೆ. ಒಂದೇ ಅಕ್ಷರದ ವ್ಯತ್ಯಾಸ, ಬೇಗ ಹೇಳಿದರೆ ಕಿವಿಗೇ ಬೀಳುವುದಿಲ್ಲ. ಆ 'ಹಾಡಯ್ಯಾ'ಕ್ಕೆ ಮುಂಚೆ ಉಸಿರು ತೆಗೆದುಕೊಳ್ಳಿ, ಯಾಕೆಂದರೆ ಅಲ್ಲಿಂದ ಮುಂದೆ ಹಾಡುವವನು ದೇವರು, ನಾವು ಬರೀ ವಾದ್ಯ.