ಎದ್ದು ನಿಲ್ಲದ ಆಕಳಿಗೆ ಸಂಜೆ 5ರ ಟೈಮ್ ಕೊಡ್ತಾರಾ?

ನಮ್ಮ ಕಾಕಾ ದನದ ಡಾಕ್ಟ್ರಿಗೆ ಕಳಿಸಿದ ಮೆಸೇಜನ್ನು ನಿನ್ನೆ ರಾತ್ರಿ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ.

"ಆಕಳಿಗೆ ಆರಾಮ ಇಲ್ರಿ ಸರ್. ಸಂಜಿ 5ರ ಮ್ಯಾಲೆ ಬರ್ರಿ, ಅಲ್ಲಿತನಕ ಬಿತ್ತಿಗಿ ಐತಿ."

ಕಳಿಸಿದ್ದು ಬೆಳಿಗ್ಗೆ 7ಕ್ಕೆ. ಆ ಆಕಳು ಹಿಂದಿನ ದಿನವಷ್ಟೇ ಈದಿತ್ತು. ಎಚ್‌ಎಫ್ ಕ್ರಾಸ್, ನಾಲ್ಕನೇ ಸೂಲು. ಬೆಳಿಗ್ಗೆ ಎಬ್ಬಿಸಿದರೂ ಏಳಲಿಲ್ಲ. ಕಿವಿ ತಣ್ಣಗೆ, ಕುತ್ತಿಗೆ ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿತ್ತು. ಇದು ಹಾಲುಜ್ವರ. ಹೆಸರಿಗೆ ಮಾತ್ರ ಜ್ವರ, ಮೈ ಬಿಸಿ ಇರುವುದಿಲ್ಲ. ಗಿಣ್ಣದ ಹಾಲಿಗೆ ಕ್ಯಾಲ್ಸಿಯಂ ಒಮ್ಮೆಲೇ ಇಳಿದು ರಕ್ತದಲ್ಲಿ ಕಡಿಮೆಯಾಗುತ್ತದೆ. ಹೆಚ್ಚಾಗಿ ಈದ 3 ದಿನದೊಳಗೇ ಬರುತ್ತದೆ. ತಡವಾದರೆ ಆಕಳು ಉಳಿಯುವುದಿಲ್ಲ.

ಇದರಲ್ಲಿ ಒಂದಾದರೂ ಮೆಸೇಜಿನಲ್ಲಿ ಇದೆಯಾ? ಮೇವು ಬಿಟ್ಟ ಎಮ್ಮೆಗೂ ಇದೇ "ಆರಾಮ ಇಲ್ಲ". ಮೇಲೆ ಸಂಜೆ 5 ಅಂತ ನಾವೇ ಟೈಮ್ ಕೊಟ್ಟರೆ ಡಾಕ್ಟ್ರು ಏನು ತಿಳ್ಕೋಬೇಕು? ಅರ್ಜೆಂಟ್ ಇಲ್ಲ ಅಂತ ತಾನೆ?

"ಅವರೇ ಫೋನ್ ಮಾಡಿ ಕೇಳಬಹುದಿತ್ತಲ್ಲ" ಅಂತೀರಿ. ಇನ್ನೊಂದು ಕೊಟ್ಟಿಗೆಯಲ್ಲಿ ಭುಜದವರೆಗೆ ಗ್ಲೌಸ್ ಹಾಕಿಕೊಂಡು ನಿಂತವರು ಯಾರ್ಯಾರಿಗೆ ಫೋನ್ ಮಾಡ್ತಾರೆ?

ದಾರಿಯದ್ದೂ ಅದೇ ಕಥೆ. ಕಾಕಾ ಊರ ಮನೆಯಲ್ಲಿ ಕೂತು ಲೊಕೇಶನ್ ಕಳಿಸಿದ್ದರು. ಆಕಳು ಇದ್ದದ್ದು ಹೊಲದ ಮನೆಯಲ್ಲಿ, 2 ಕಿಲೋಮೀಟರ್ ಆಚೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಬೈಕ್ ಹೋಗುತ್ತಾ? ಡಾಕ್ಟ್ರು ಔಷಧದ ಚೀಲ ಹೊತ್ತು ನಡೆದು ಬಂದರು.

ಹೀಗೆ ಬರೆದಿದ್ದರೆ ಸಾಕಿತ್ತು:

"ಸರ್, ಆಕಳು ನಿನ್ನೆ ಮಧ್ಯಾಹ್ನ ಈದದ. ಮಾಸು ಬಿದ್ದದ. ಇವತ್ತು ಮುಂಜಾನೆ 6ರಿಂದ ಎದ್ದಿಲ್ಲ, ಕಿವಿ ತಣ್ಣಗದಾವ, ಹೆಂಡಿ ಹಾಕಿಲ್ಲ. ಈಗಲೇ ಬರ್ರಿ, ಯಾವಾಗ ಬಂದ್ರೂ ನಾವು ಇಲ್ಲೇ ಇರ್ತೀವಿ. ಊರ ಮುಂದಿನ ಸಣ್ಣ ಸೇತುವೆ ದಾಟಿದ ಮ್ಯಾಲೆ ಎಡಕ್ಕ ಬನ್ನಿಗಿಡ ಅದ. ಅಲ್ಲಿಂದ ಗಾಡಿ ಬರಂಗಿಲ್ಲ, ಹುಡುಗ ಟ್ರ್ಯಾಕ್ಟರ್ ತಗೊಂಡು ನಿಂತಿರ್ತಾನ."

ಗಬ್ಬದ ಪರೀಕ್ಷೆಗೋ ಜಂತಿನ ಔಷಧಕ್ಕೋ ಕರೆಯುವಾಗ ನಮ್ಮ ಅನುಕೂಲದ ಟೈಮ್ ಹೇಳೋಣ. ಬಿದ್ದ ಆಕಳಿಗೆ ಅಲ್ಲ. ಡಾಕ್ಟ್ರು ಫೋನ್ ಎತ್ತಲಿಲ್ಲ ಅಂದ್ರೆ 1962ಕ್ಕೆ ಫೋನ್ ಮಾಡಿ, ಪಶು ಚಿಕಿತ್ಸೆಯ ಗಾಡಿ ಕೇಳಬಹುದು.

ಇನ್ನೊಂದು ಮಾತು ಹೇಳಲೇಬೇಕು. ಕೆಲವು ವರ್ಷದ ಹಿಂದೆ ಇಂಥದ್ದೇ ಆಕಳಿಗೆ ನಾನೇ ಗೊಟ್ಟದಲ್ಲಿ ಬೆಲ್ಲದ ನೀರು ಹಾಕಿದ್ದೆ. ನುಂಗುವ ಶಕ್ತಿ ಇರಲಿಲ್ಲ, ನೀರು ಪುಪ್ಪುಸಕ್ಕೆ ಹೋಯಿತು. ಅದು ಕೆಮ್ಮಿದ ಸದ್ದು ಇನ್ನೂ ಕಿವಿಯಲ್ಲಿದೆ. ಡಾಕ್ಟ್ರು ಬರುವವರೆಗೆ ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಹುಲ್ಲಿನ ಚೀಲ ಒತ್ತಿಟ್ಟು ಎದೆಯ ಮೇಲೆ ಕೂರಿಸಿ. ಅಡ್ಡ ಬಿದ್ದರೆ ಹೊಟ್ಟೆ ಉಬ್ಬುತ್ತದೆ.

ನಿನ್ನೆ ಡಾಕ್ಟ್ರು ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟರು. ನಡುನಡುವೆ ಎದೆಬಡಿತ ಕೇಳುತ್ತಿದ್ದರು, ಅವಸರ ಮಾಡಿದರೆ ಹೃದಯವೇ ನಿಲ್ಲಬಹುದಂತೆ. ಮೊದಲು ಮೈ ನಡುಗಿತು. ಆಮೇಲೆ ಒಣಗಿದ್ದ ಮೂಗಿನ ಮೇಲೆ ಹನಿ ಮೂಡಿತು, ಹೆಂಡಿ ಹಾಕಿತು. ರಾತ್ರಿ ಎದ್ದಿತು. ಆದರೆ ಇಡೀ ದಿನ ಒಂದೇ ಮಗ್ಗುಲಲ್ಲಿ ಬಿದ್ದಿದ್ದ ಆ ಹಿಂಗಾಲನ್ನು ಇವತ್ತೂ ಊರುತ್ತಿಲ್ಲ.