ನೂರಕ್ಕೆ ನೂರೆಪ್ಪತ್ತೈದು ತೃಪ್ತಿ

ನಮ್ಮ ವಸತಿ ಸಮುಚ್ಚಯದ ವಾರ್ಷಿಕ ಮಹಾಸಭೆ ಹೇಗೆ ನಡೆಯಿತೆಂದು ವಿವರಿಸುವ ಅಗತ್ಯವಿಲ್ಲ. ನಿಮ್ಮಲ್ಲಿ ನಡೆದಂತೆಯೇ ನಡೆಯಿತು. ಹತ್ತಕ್ಕೆ ಕರೆದ ಸಭೆಗೆ ಹನ್ನೊಂದಕ್ಕೆ ಕೋರಂ ಕೂಡಿತು. ಹಿಂದೆಲ್ಲ ಕಾರ್ಯದರ್ಶಿಗಳು ಲೆಕ್ಕಪತ್ರ ಓದುತ್ತಿದ್ದರು, ನಾವು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆವು. ಎರಡೂ ಕಡೆಯವರಿಗೆ ನೆಮ್ಮದಿಯಿತ್ತು. ಈ ವರ್ಷ ಪ್ರೊಜೆಕ್ಟರ್ ಬಂದಿದೆ.

ಮೊದಲ ಚಿತ್ರವೇ ಅಮೋಘ. ‘ಟ್ಯಾಂಕರ್ ನೀರಿನ ಅವಲಂಬನೆಯಲ್ಲಿ ಭಾರಿ ಇಳಿಕೆ’ ಎಂಬ ತಲೆಬರಹದ ಕೆಳಗೆ ಎರಡು ಕಂಬಗಳು. ಕಳೆದ ವರ್ಷದ ಕೆಂಪು ಕಂಬ ತೆಂಗಿನ ಮರದಷ್ಟು ಎತ್ತರ. ಈ ವರ್ಷದ ಹಸಿರು ಕಂಬ ಅದರ ಮೂರನೇ ಒಂದು ಭಾಗ, ತುಳಸಿಕಟ್ಟೆಯಂತೆ ವಿನಯದಿಂದ ನಿಂತಿದೆ. ಜನ ಚಪ್ಪಾಳೆ ತಟ್ಟಿದರು. ಸುಳ್ಳೇಕೆ, ನಾನೂ ತಟ್ಟಿದೆ. ಆಮೇಲೆ ಕನ್ನಡಕ ಹಾಕಿಕೊಂಡೆ.

ಕೆಂಪು ಕಂಬದ ನೆತ್ತಿಯ ಮೇಲೆ 96 ಎಂದಿತ್ತು. ಹಸಿರಿನ ಮೇಲೆ 92. ತಿಂಗಳಿಗೆ ತೊಂಬತ್ತಾರು ಟ್ಯಾಂಕರ್ ಬರುತ್ತಿದ್ದ ಕಡೆ ಈಗ ತೊಂಬತ್ತೆರಡು ಬರುತ್ತಿವೆ. ಇಷ್ಟಕ್ಕೆ ಮೂರನೇ ಎರಡು ಭಾಗ ಹೇಗೆ ಕರಗಿತೆಂದು ಎಡಬದಿಯ ಅಕ್ಷದ ಬುಡಕ್ಕೆ ಕಣ್ಣಿಟ್ಟರೆ, ಸೊನ್ನೆ ಇರಬೇಕಾದ ಜಾಗದಲ್ಲಿ 90 ಕುಳಿತಿದೆ. ಅಂದರೆ ಎರಡೂ ಕಂಬಗಳನ್ನು ಕುತ್ತಿಗೆಯವರೆಗೆ ಹೂತು, ನೆಲದ ಮೇಲೆ ಉಳಿದ ತಲೆಗಳನ್ನಷ್ಟೇ ಅಳೆದಿದ್ದಾರೆ. ಒಂದರ ತಲೆ ಆರು, ಇನ್ನೊಂದರದು ಎರಡು. ನಿಜವಾಗಿ ಇಳಿದದ್ದು ನೂರಕ್ಕೆ ನಾಲ್ಕಕ್ಕಿಂತ ಚೂರು ಹೆಚ್ಚು. ಕಣ್ಣಿಗೆ ಕಂಡದ್ದು ನೂರಕ್ಕೆ ಅರವತ್ತೇಳು. ಎಡ್ವರ್ಡ್ ಟಫ್ಟಿ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಇಂಥದ್ದನ್ನು ಅಳೆಯಲೆಂದೇ ಒಂದು ಮಾಪನ ಮಾಡಿಟ್ಟಿದ್ದಾರೆ. ಚಿತ್ರ ತೋರಿಸುವ ಬದಲಾವಣೆಯನ್ನು ನಿಜವಾದ ಬದಲಾವಣೆಯಿಂದ ಭಾಗಿಸಬೇಕು. ಒಂದರ ಆಸುಪಾಸು ಬಂದರೆ ಚಿತ್ರ ಪ್ರಾಮಾಣಿಕ. ನಮ್ಮ ಕಾರ್ಯದರ್ಶಿಗಳದು ಹದಿನಾರು ಬಂತು. ಹದಿನಾರಾಣೆ ಸುಳ್ಳು ಎನ್ನುವುದು ಇದಕ್ಕೇ ಇರಬೇಕು.

ಎದ್ದು ನಿಂತು ಕೇಳಿದೆ. ‘ನಾನೇನೂ ಮಾಡಿಲ್ಲ ಸರ್, ಕಂಪ್ಯೂಟರೇ ಹಾಗೆ ಹಾಕಿದೆ’ ಎಂದರು. ತಮಾಷೆಯೆಂದರೆ, ಆ ದಿನ ಅವರು ಆಡಿದ ಅಪ್ಪಟ ಸತ್ಯ ಇದೊಂದೇ. ಎಕ್ಸೆಲ್‌ಗೆ ಆಯ್ಕೆ ಬಿಟ್ಟುಕೊಟ್ಟರೆ, ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ಅಂತರವು ದೊಡ್ಡ ಅಂಕಿಯ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದಾಗ ಅದು ಅಕ್ಷದ ಬುಡದಿಂದ ಸೊನ್ನೆಯನ್ನು ತಾನೇ ಎತ್ತಿಬಿಡುತ್ತದೆ. ಸಾಧನೆ ಚಿಕ್ಕದಾದಷ್ಟೂ ಚಿತ್ರ ಉಬ್ಬುತ್ತದೆ; ಸಾರ್ವಜನಿಕ ಜೀವನಕ್ಕೆ ಇದಕ್ಕಿಂತ ಅನುಕೂಲವಾದ ತಂತ್ರಾಂಶ ಉಂಟೇ? ಅಕ್ಷದ ಮೇಲೆ ಮೌಸಿನ ಬಲಗುಂಡಿ ಒತ್ತಿ Format Axis ತೆರೆದು Minimum ಎಂಬಲ್ಲಿ 0 ಬರೆದರೆ ಕಂಬಗಳು ಮತ್ತೆ ಅಣ್ಣತಮ್ಮಂದಿರಂತೆ ಸಮಸಮ ನಿಲ್ಲುತ್ತವೆ. ಆದರೆ ಸಮಸಮ ನಿಂತವರಿಗೆ ಚಪ್ಪಾಳೆ ಯಾರು ತಟ್ಟುತ್ತಾರೆ?

ಹಿಂದಿನ ಸಾಲಿನಿಂದ ಒಬ್ಬರು, ‘ಷೇರುಪೇಟೆಯ ಚಾರ್ಟ್ ಏನು ಸೊನ್ನೆಯಿಂದ ಶುರುವಾಗುತ್ತದೆಯೇ?’ ಎಂದು ಸವಾಲು ಹಾಕಿದರು. ನ್ಯಾಯವಾದ ಮಾತು. ಗೆರೆಯ ಚಿತ್ರದಲ್ಲಿ ಕಣ್ಣು ಹುಡುಕುವುದು ಏರಿಳಿತವನ್ನು. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 98ಕ್ಕೂ 103ಕ್ಕೂ ವ್ಯತ್ಯಾಸವೇ ಕಾಣದೆ ರೋಗಿ ಕೈಬಿಟ್ಟು ಹೋದಾನು. ಕಂಬದ ವಿಷಯ ಬೇರೆ. ಅಲ್ಲಿ ಎತ್ತರವೇ ಅಂಕಿ. ಬುಡ ಕತ್ತರಿಸಿದರೆ ಅಂಕಿಯನ್ನೇ ಕತ್ತರಿಸಿದಂತೆ. ಇಷ್ಟು ಹೇಳುವಷ್ಟರಲ್ಲಿ ಅಧ್ಯಕ್ಷರು ‘ಮುಂದಿನ ಸ್ಲೈಡ್’ ಎಂದರು.

ಮುಂದಿನದು ಪೈ ಚಾರ್ಟ್. ಅಲ್ಲ, ನಾವು ಇದನ್ನು ಪೈ ಎಂದೇಕೆ ಕರೆಯಬೇಕು? 1801ರಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ಇದನ್ನು ಮೊದಲು ಬರೆದ. ಇಂಗ್ಲಿಷಿನವರು ತಮ್ಮ ತಿಂಡಿಯ ಹೆಸರಿಟ್ಟರು. ಫ್ರೆಂಚರು ಸೊಪ್ಪು ಹಾಕದೆ ತಮ್ಮ ಕ್ಯಾಮಂಬೇರ್ ಚೀಸಿನ ಹೆಸರಿಟ್ಟುಕೊಂಡರು. ಹೀಗಿರುವಾಗ ನಮಗೆ ಒಬ್ಬಟ್ಟು ಇಲ್ಲವೇ? ಒಬ್ಬಟ್ಟೆಂದು ಕರೆದಿದ್ದರೆ ಮೋಸವೂ ಕಡಿಮೆಯಾಗುತ್ತಿತ್ತೋ ಏನೋ. ಒಂದು ಒಬ್ಬಟ್ಟಿನಿಂದ ಒಂದೂಮುಕ್ಕಾಲು ಒಬ್ಬಟ್ಟು ಹಂಚಿದೆ ಎಂದರೆ ಮನೆಯ ಮಕ್ಕಳೂ ನಂಬುವುದಿಲ್ಲ.

ನಮ್ಮ ಕಾರ್ಯದರ್ಶಿಗಳು ಹಂಚಿದ್ದು ಅಷ್ಟನ್ನೇ. ‘ನಿವಾಸಿಗಳ ತೃಪ್ತಿ’ ಎಂಬ ವೃತ್ತದಲ್ಲಿ ಭದ್ರತೆಗೆ ಶೇ. 72, ಸ್ವಚ್ಛತೆಗೆ ಶೇ. 58, ನೀರಿಗೆ ಶೇ. 45. ಕೂಡಿದರೆ 175. ಒಬ್ಬೊಬ್ಬರೂ ಎಷ್ಟು ಬೇಕಾದರೂ ಗುರುತು ಹಾಕಬಹುದಾದ ಪ್ರಶ್ನೆ ಅದು. ಉತ್ತರಗಳು ನೂರನ್ನು ದಾಟುವುದರಲ್ಲಿ ತಪ್ಪೇನಿಲ್ಲ. ತಪ್ಪು ಅವನ್ನು ಒಂದೇ ವೃತ್ತಕ್ಕೆ ತುರುಕಿದ್ದು. ಮೂರು ಕಂಬ ಹಾಕಿದ್ದರೆ ಮುಗಿಯುತ್ತಿತ್ತು, ಸೊನ್ನೆಯಿಂದ. ಅಮೆರಿಕದ ಫಾಕ್ಸ್ ವಾಹಿನಿಯ ಷಿಕಾಗೋ ಕೇಂದ್ರ 2009ರಲ್ಲಿ ರಿಪಬ್ಲಿಕನ್ ಪಕ್ಷದ ಮೂವರು ಆಕಾಂಕ್ಷಿಗಳಿಗೆ ಹೀಗೆಯೇ 70, 63, 60 ಹಂಚಿ ಒಟ್ಟು 193 ಮಾಡಿತ್ತು. ಅವರಿಗಿಂತ ನಾವು ಹದಿನೆಂಟು ಕಡಿಮೆ. ಹೆಮ್ಮೆ ಪಡಬಹುದು.

ಕಂಪ್ಯೂಟರ್ ಇಲ್ಲೂ ತಕರಾರು ಮಾಡುವುದಿಲ್ಲ. ಕೊಟ್ಟ ಅಂಕಿಗಳನ್ನೆಲ್ಲ ಕೂಡಿ, ಬಂದ ಮೊತ್ತವೇ ಇಡೀ ವೃತ್ತವೆಂದು ತಿಳಿದು ಹೋಳು ಮಾಡುತ್ತದೆ. ಹಂಚಿದ ಕರಪತ್ರದ ಮೇಲೆ ಮಗಳ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕ ಇಟ್ಟು ನೋಡಿದೆ. 72 ಎಂದು ಬರೆದ ಹೋಳು 148 ಡಿಗ್ರಿ. ಅರ್ಧ ವೃತ್ತಕ್ಕೆ 180 ಬೇಕು. ಮುಕ್ಕಾಲರ ಹತ್ತಿರ ಇರಬೇಕಾದದ್ದು ಅರ್ಧವನ್ನೂ ಮುಟ್ಟಿಲ್ಲ. 45ರ ಹೋಳು ಹೆಚ್ಚುಕಡಿಮೆ ಲಂಬಕೋನ, ಅಂದರೆ ಕಾಲು ಭಾಗ. ಕೋನಮಾಪಕವೂ ಬೇಡ, ಐವತ್ತು ದಾಟಿದ ಹೋಳು ಅರ್ಧ ದಾಟಿದೆಯೇ ಎಂದು ನೋಡಿದರೆ ಸಾಕು.

ಇಲ್ಲಿಯವರೆಗೆ ನಗುತ್ತಲೇ ಇದ್ದೆ. ಮೂರನೆಯ ಚಿತ್ರ ಖರ್ಚಿನದು. ಸಂಬಳ 38, ವಿದ್ಯುತ್ತು ಮತ್ತು ನೀರು 27, ಲಿಫ್ಟು ಜನರೇಟರುಗಳ ದುರಸ್ತಿ 21. ವೃತ್ತ ದುಂಡಗೆ ತುಂಬಿ ನಗುತ್ತಿತ್ತು. ಕೂಡಿದೆ. 86. ಮತ್ತೆ ಕೂಡಿದೆ. 86. ದಶಮಾಂಶ ಬಿಡುವಾಗ ಮೊತ್ತ 99 ಆದೀತು, 101 ಆದೀತು, ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಹದಿನಾಲ್ಕು ಹಾಗೆ ಬಿದ್ದುಹೋಗುವ ದಶಮಾಂಶವಲ್ಲ. ವರ್ಷಕ್ಕೆ ಅರವತ್ತು ಲಕ್ಷ ಕೊಡುತ್ತೇವೆ. ಅದರಲ್ಲಿ ಎಂಟು ಲಕ್ಷದ ನಲವತ್ತು ಸಾವಿರ. ನೂರು ದಾಟಿದಾಗ ಹೋಳುಗಳು ಕುಗ್ಗಿದಂತೆ, ಇಲ್ಲಿ ಉಳಿದ ಮೂರು ಹೋಳುಗಳು ಹಿಗ್ಗಿ ಆ ಜಾಗವನ್ನು ಮುಚ್ಚಿವೆ. ಸಾಲು ಸಾಲಾಗಿ ಓದುತ್ತಿದ್ದ ಹಳೆಯ ಲೆಕ್ಕಪತ್ರದಲ್ಲಿ ಒಂದು ಸಾಲು ತಪ್ಪಿದ್ದರೆ ಮೊತ್ತ ತಾಳೆಯಾಗದೆ ಸಿಕ್ಕಿಬೀಳುತ್ತಿತ್ತು. ವೃತ್ತದಲ್ಲಿ ತೂತು ಕಾಣುವುದೇ ಇಲ್ಲ. ಮೂರನೇ ಮಹಡಿಯಲ್ಲಿ ಪಿಂಚಣಿಯ ಮೇಲೆ ಬದುಕುವ ದಂಪತಿ ಒಂದು ತಿಂಗಳ ಬಾಕಿಗೆ ದಂಡ ಕಟ್ಟಿದ್ದಾರೆ. ಅವರ ಹೆಸರನ್ನು ಲಿಫ್ಟಿನೊಳಗೆ ಅಂಟಿಸಿದ್ದರು. ಅಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ.

ಕೇಳಿದೆ. ಉಪ್ಪಿಟ್ಟು ಆರುತ್ತಿದೆ ಎಂದರು. ವರದಿ ಸರ್ವಾನುಮತದಿಂದ ಅಂಗೀಕಾರವಾಯಿತೆಂದು ನಡಾವಳಿಯಲ್ಲಿದೆ.

ಮೂರು ದಿನ ಬಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ತಿದ್ದಿದ ಚಿತ್ರ ಬಂತು. ಈಗ ನಾಲ್ಕು ಹೋಳು, ಮೊತ್ತ ಸರಿಯಾಗಿ ನೂರು. ನಾಲ್ಕನೆಯದು ಬೂದು ಬಣ್ಣ: ‘ಇತರೆ, ಶೇ. 14’. ಇತರೆ ಎಂದರೇನು ಎಂದು ಬರೆದು ಕೇಳಿದ್ದೇನೆ. ಮುಂದಿನ ಮಹಾಸಭೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ಪೈ ಚಾರ್ಟ್ ತೋರಿಸುತ್ತಾರಂತೆ.